ಸಂಜೆ ಬಟ್ಟಲು ಎತ್ತಿಡಿ, ಬೆಳಗ್ಗೆ ಕಾಳು ಹಾಕಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸ್ವಂತ ಮನೆ. ಒಂದು ನಾಯಿ, ಒಂದು ಬೆಕ್ಕು ಇವೆ. ಅತ್ತೆಯವರು ದಿನವೂ ತಾರಸಿಯಲ್ಲಿ ಹಕ್ಕಿಗಳಿಗೆ ಕಾಳು ಹಾಕುತ್ತಾರೆ. ಹಿತ್ತಲಿನ ಸೀಬೆ ಮರದಿಂದ ಹಣ್ಣು ಉದುರುತ್ತಲೇ ಇರುತ್ತದೆ. ಒಂದು ವರ್ಷದಿಂದ ಇಲಿಗಳ ಕಾಟ ವಿಪರೀತವಾಗಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ದೊಡ್ಡ ಬಿಲವೂ ಆಗಿದೆ. ಎರಡು ಸಲ ಪಾಷಾಣ ಇಟ್ಟೆವು, ತಿಂಗಳೊಳಗೆ ಮತ್ತೆ ಬಂದವು. ನಾಯಿಯ ಬಟ್ಟಲಿಗೆ ಇರುವೆ ಮುತ್ತುವುದು ಬೇರೆ. ಹಕ್ಕಿಗಳಿಗೆ ಕಾಳು ಹಾಕುವುದರಿಂದಲೇ ಇದೆಲ್ಲ, ಅದನ್ನು ನಿಲ್ಲಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಲ್ಲಿಸಲೇಬೇಕೆ?

ಉತ್ತರ: ನಿಮ್ಮ ಅತ್ತೆಯವರು ಕಾಳು ಹಾಕುವುದನ್ನು ಬಿಡಬೇಕಾಗಿಲ್ಲ. ಹಾಕುವ ಹೊತ್ತು ಮತ್ತು ಅಳತೆ ಬದಲಾಗಬೇಕು, ಅಷ್ಟೇ. ನಾಯಿಯ ಊಟಕ್ಕೂ ಸೀಬೆ ಹಣ್ಣಿಗೂ ಇದೇ ಮಾತು. ನಾಯಿ, ಗುಬ್ಬಿ, ಅಳಿಲು ಇವೆಲ್ಲ ಹಗಲಿನಲ್ಲಿ ತಿನ್ನುವ ಜೀವಗಳು. ಇಲಿ ಮತ್ತು ಹೆಗ್ಗಣ ಕತ್ತಲಾದ ಮೇಲೆ ಮೇವಿಗೆ ಹೊರಡುತ್ತವೆ. ಮುಸ್ಸಂಜೆಯ ನಂತರ ಒಮ್ಮೆ, ಬೆಳಗಿನ ಜಾವಕ್ಕೆ ಮುಂಚೆ ಇನ್ನೊಮ್ಮೆ ಅವುಗಳ ಓಡಾಟ ಹೆಚ್ಚು. ಆದ್ದರಿಂದ ಹಗಲಿನಲ್ಲಿ ನೀವು ಎಷ್ಟು ಹಾಕಿದಿರಿ ಎಂಬುದಕ್ಕಿಂತ, ಸೂರ್ಯ ಮುಳುಗುವ ಹೊತ್ತಿಗೆ ಎಷ್ಟು ಉಳಿದಿತ್ತು ಎಂಬುದರ ಮೇಲೆ ನಿಮ್ಮ ಮನೆಯ ಸುತ್ತ ಎಷ್ಟು ಇಲಿಗಳು ಬದುಕಬಲ್ಲವು ಎಂಬುದು ನಿಂತಿದೆ.

ಇದನ್ನು ಊಹೆಗೆ ಬಿಡದೆ ತೂಕ ಮಾಡಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಊರಿನಲ್ಲಿಯೇ ಹೀಗೆ ತೂಗಿದ ಒಂದು ಮನೆಯ ಲೆಕ್ಕ ಕೊಡುತ್ತೇನೆ. ಅಲ್ಲಿ ಇದ್ದವರು ನಿವೃತ್ತ ದಂಪತಿ. ಒಂದು ಲ್ಯಾಬ್ರಡಾರ್ ನಾಯಿ, ತಾರಸಿಯಲ್ಲಿ ಹಕ್ಕಿಗಳಿಗೊಂದು ಬೋಗುಣಿ, ಹಿತ್ತಲಿನಲ್ಲಿ ಸೀಬೆ ಮರ. ಹೆಚ್ಚುಕಡಿಮೆ ನಿಮ್ಮ ಮನೆಯಂತೆಯೇ. ನಾಯಿಯ ಒಣ ಆಹಾರವನ್ನು ಬೆಳಗ್ಗೆ ಒಮ್ಮೆ ಬಟ್ಟಲು ತುಂಬ ಹಾಕಿ ವರಾಂಡದಲ್ಲಿ ಇಡುತ್ತಿದ್ದರು. ಅದು ಬೇಕಾದಾಗ ಬಂದು ತಿನ್ನುತ್ತಿತ್ತು. ಸಂಜೆ ಆರೂವರೆಗೆ ಅಡುಗೆಮನೆಯ ತಕ್ಕಡಿ ತಂದು ಬಟ್ಟಲಿನಲ್ಲಿ ಉಳಿದದ್ದನ್ನು ತೂಗಿದೆವು: 70 ಗ್ರಾಂ. ತಾರಸಿಯಲ್ಲಿ ಬೆಳಗ್ಗೆ ಕಾಲು ಕಿಲೋದಷ್ಟು ಸಜ್ಜೆ ಮತ್ತು ಅಕ್ಕಿ ನುಚ್ಚು ಹಾಕಿದ್ದರು. ಬೋಗುಣಿಯಲ್ಲಿ ಉಳಿದದ್ದು, ಸುತ್ತ ಚೆಲ್ಲಿದ್ದು, ಹೆಂಚಿನ ಸಂದಿಗಳಲ್ಲಿ ಕೂತದ್ದು ಎಲ್ಲವನ್ನೂ ಗುಡಿಸಿ ಹೊಟ್ಟು ಕೇರಿದಾಗ 120 ಗ್ರಾಂ ಕಾಳು ಸಿಕ್ಕಿತು. ಮರದ ಬುಡದಲ್ಲಿ ಹನ್ನೊಂದು ಹಣ್ಣು ಬಿದ್ದಿದ್ದವು.

ಹಣ್ಣನ್ನು ಬಿಟ್ಟರೂ ಒಣ ಆಹಾರವೇ 190 ಗ್ರಾಂ ಆಯಿತು. ಬೆಳೆದ ಮನೆ ಇಲಿಯೊಂದು ದಿನಕ್ಕೆ ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟು, ಅಂದರೆ ಹದಿನೈದರಿಂದ ಇಪ್ಪತ್ತು ಗ್ರಾಂ ತಿನ್ನುತ್ತದೆ. ಆ ಲೆಕ್ಕದಲ್ಲಿ ಆ ಮನೆಯವರು ಪ್ರತಿ ರಾತ್ರಿ ಹತ್ತು ಇಲಿಗಳಿಗೆ ಹೊಟ್ಟೆ ತುಂಬ ಊಟ ಬಡಿಸುತ್ತಿದ್ದರು. ಬೆಳಗ್ಗೆ ನಾಯಿಯ ಬಟ್ಟಲು ನೆಕ್ಕಿಟ್ಟಂತೆ ಖಾಲಿಯಾಗಿರುತ್ತದೆ ಎಂದು ಯಜಮಾನರು ಹೇಳಿದರು. ನಾಯಿ ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕೇಳಿದೆ. ಒಳಗೆ, ತಮ್ಮ ಮಂಚದ ಕೆಳಗೆ ಎಂದರು. ವರಾಂಡದ ಬಾಗಿಲಿಗೆ ರಾತ್ರಿ ಚಿಲಕ ಹಾಕಿರುತ್ತಿತ್ತು. ಹಾಗಾದರೆ ಹೊರಗಿನ ಬಟ್ಟಲನ್ನು ಖಾಲಿ ಮಾಡುತ್ತಿದ್ದವರು ಯಾರು ಎಂದು ಅಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ.

ಪಾಷಾಣ ನಿಮ್ಮಲ್ಲಿ ಯಾಕೆ ಸೋತಿತು ಎಂಬುದೂ ಇದರಲ್ಲಿಯೇ ಇದೆ. ಹೊಸ ವಸ್ತುವನ್ನು ಕಂಡರೆ ಇಲಿ ಅನುಮಾನ ಪಡುತ್ತದೆ. ಕೆಲವು ದಿನ ಅದರ ಸುತ್ತ ಸುಳಿದಾಡಿ ಆಮೇಲಷ್ಟೇ ಬಾಯಿ ಹಾಕುತ್ತದೆ. ದಿನವೂ ತಿಂದು ಗೊತ್ತಿರುವ ಸಜ್ಜೆ ಮತ್ತು ನಾಯಿಯ ಆಹಾರ ಪಕ್ಕದಲ್ಲಿಯೇ ಇರುವಾಗ ಅದು ನಿಮ್ಮ ಪಾಷಾಣದ ಉಂಡೆಯನ್ನು ಯಾಕೆ ಮುಟ್ಟಬೇಕು? ಮುಟ್ಟಿದ ಕೆಲವು ಸತ್ತಿರಬಹುದು. ಆದರೆ ಹತ್ತು ಇಲಿಗಳ ಊಟ ಹಾಗೆಯೇ ಉಳಿದಿದ್ದರಿಂದ, ತೆರವಾದ ಜಾಗಕ್ಕೆ ಅಕ್ಕಪಕ್ಕದವು ಬಂದವು, ಉಳಿದವು ಮರಿ ಹಾಕಿದವು. ಇಲಿಯ ಬಸಿರು ಮೂರೇ ವಾರದ್ದು. ತಿಂಗಳೊಳಗೆ ಮತ್ತೆ ಬಂದವು ಎಂದು ನೀವು ಬರೆದಿರುವುದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ.

ನಾಯಿ, ಬೆಕ್ಕು ಇರುವ ಮನೆಯಲ್ಲಿ ದಯವಿಟ್ಟು ಇನ್ನೊಮ್ಮೆ ಪಾಷಾಣ ಇಡಬೇಡಿ. ಈಗ ಹೆಚ್ಚಾಗಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡಿಕೊಂಡಿರುತ್ತದೆ. ಆ ಮಂಕಾದ ಇಲಿಯೇ ಬೆಕ್ಕಿಗೂ ಗೂಬೆಗೂ ಸುಲಭವಾಗಿ ಸಿಗುವುದು. ವಿಷ ಅವುಗಳ ಹೊಟ್ಟೆಗೂ ಹೋಗುತ್ತದೆ. ನಾಯಿ ನೇರವಾಗಿ ಬಿಲ್ಲೆಯನ್ನೇ ತಿಂದರೂ ಮೊದಲ ಎರಡು ಮೂರು ದಿನ ಏನೂ ಆಗದಂತೆ ಕಾಣುತ್ತದೆ, ಆಮೇಲೆ ಒಸಡು ಬಿಳಿಚಿಕೊಳ್ಳುತ್ತದೆ, ಒಳಗೇ ರಕ್ತ ಸೋರುತ್ತದೆ. ಹಿಂದೆ ಇಟ್ಟ ಬಿಲ್ಲೆಗಳು ಮೂಲೆಯಲ್ಲಿ ಉಳಿದಿದ್ದರೆ ಮೊದಲು ಅವನ್ನು ಹುಡುಕಿ ತೆಗೆಯಿರಿ. ನಾಯಿ ತಿಂದ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಎಂದು ಕಾಯದೆ ಬಿಲ್ಲೆಯ ಪೊಟ್ಟಣದೊಂದಿಗೆ ಪಶುವೈದ್ಯರ ಹತ್ತಿರ ಹೋಗಿ. ಈ ಬಗೆಯ ವಿಷಕ್ಕೆ ಕೆ1 ವಿಟಮಿನ್ ಪ್ರತ್ಯೌಷಧವಾಗಿದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು.

ಈಗ ಮಾಡಬೇಕಾದ ಕೆಲಸ. ಮೊದಲ ರಾತ್ರಿ ಏನನ್ನೂ ಬದಲಾಯಿಸದೆ ಯಾರು ಬರುತ್ತಿದ್ದಾರೆ ಎಂದು ನೋಡಿ. ಇದಕ್ಕೆ ನನಗೆ ತಿಳಿದ ಒಳ್ಳೆಯ ಸಾಧನ ರಂಗೋಲಿ ಪುಡಿ. ಅಕ್ಕಿ ಹಿಟ್ಟು ಬೇಡ, ಅದು ಇರುವೆಗೂ ಇಲಿಗೂ ಆಹಾರ. ಅಂಗಡಿಯಲ್ಲಿ ಸಿಗುವ ಕಲ್ಲಿನ ಪುಡಿಯೇ ಆಗಬೇಕು. ರಾತ್ರಿ ಮಲಗುವ ಮುಂಚೆ, ಬೆಕ್ಕನ್ನು ಒಳಗೆ ಕರೆದುಕೊಂಡ ಮೇಲೆ, ನಾಯಿಯ ಬಟ್ಟಲಿನ ಪಕ್ಕ, ತಾರಸಿಯ ಬೋಗುಣಿಯ ಹತ್ತಿರ, ಮಳೆನೀರಿನ ಕೊಳವೆಯ ಬುಡದಲ್ಲಿ, ಕಾಂಪೌಂಡ್ ಗೋಡೆಯ ಅಂಚಿನಲ್ಲಿ ಒಂದೊಂದು ಅಡಿ ಅಗಲಕ್ಕೆ ಜರಡಿಯಿಂದ ತೆಳುವಾಗಿ ಉದುರಿಸಿ. ಬೆಳಗ್ಗೆ ಬೇಗ ಎದ್ದು ಟಾರ್ಚನ್ನು ನೆಲಕ್ಕೆ ಮಲಗಿಸಿದಂತೆ ಹಿಡಿದು ನೋಡಿ. ಓರೆ ಬೆಳಕಿನಲ್ಲಿ ಹೆಜ್ಜೆ ಚೆನ್ನಾಗಿ ಎದ್ದು ಕಾಣುತ್ತದೆ. ಮುಂಗಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂಗಾಲಿನದರಲ್ಲಿ ಐದು. ನಡುವೆ ಬಾಲ ಎಳೆದ ಸಣ್ಣ ಗೆರೆ ಇರಬಹುದು. ಹಿಂಗಾಲಿನ ಗುರುತು ಹೆಬ್ಬೆರಳಿನ ಉಗುರಿನಷ್ಟೇ ಇದ್ದರೆ ಸುಂಡಿಲಿ, ಮೂರು ಸೆಂಟಿಮೀಟರ್ ಆಸುಪಾಸು ಇದ್ದರೆ ಮನೆ ಇಲಿ, ಅದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಹೆಗ್ಗಣ.

ಈ ವ್ಯತ್ಯಾಸ ತಿಳಿಯುವುದು ಮುಖ್ಯ. ಮನೆ ಇಲಿ ಹತ್ತುವುದರಲ್ಲಿ ನಿಪುಣ. ಅಟ್ಟ, ತಾರಸಿಯ ಸಾಮಾನಿನ ರಾಶಿ, ತೆಂಗಿನ ಗರಿಯ ಬುಡ ಇಂಥ ಕಡೆ ಗೂಡು ಮಾಡುತ್ತದೆ, ಕೊಂಬೆಯಿಂದ ತಾರಸಿಗೆ ಇಳಿಯುತ್ತದೆ. ಹೆಗ್ಗಣ ನೆಲದ ಪ್ರಾಣಿ. ಅದು ಗೋಡೆಯ ಬುಡ, ಚರಂಡಿಯ ಅಂಚಿನಲ್ಲಿ ಬಿಲ ತೋಡಿ ಬಾಯಿಯ ಹೊರಗೆ ಹೊಸ ಮಣ್ಣಿನ ಗುಡ್ಡೆ ಹಾಕುತ್ತದೆ. ನಿಮ್ಮ ಒಗೆಯುವ ಕಲ್ಲಿನ ಪಕ್ಕದ್ದು ಬಹುಶಃ ಅದರದೇ. ಬಿದ್ದ ಸೀಬೆ ಹೆಗ್ಗಣಕ್ಕೆ, ತಾರಸಿಯ ಕಾಳು ಮನೆ ಇಲಿಗೆ ಸಲ್ಲುತ್ತಿರುವ ಸಾಧ್ಯತೆ ಹೆಚ್ಚು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಮಾತ್ರ ಪ್ರಯೋಜನ. ಬೆಕ್ಕನ್ನು ನಂಬಿ ಕೂರಬೇಡಿ. ಬೆಕ್ಕು ಸುಂಡಿಲಿಯನ್ನೂ ಇಲಿಯ ಮರಿಯನ್ನೂ ಹಿಡಿಯುತ್ತದೆ, ಬೆಳೆದ ಹೆಗ್ಗಣದ ತಂಟೆಗೆ ಹೋಗುವ ಬೆಕ್ಕುಗಳು ಬಹಳ ಕಡಿಮೆ.

ಆಹಾರ ನಿಲ್ಲಿಸುವುದಕ್ಕೆ ಮುಂಚೆ ಮನೆಯೊಳಗೆ ಬರುವ ದಾರಿಗಳನ್ನು ಮುಚ್ಚಿ. ಈ ಕ್ರಮ ತಪ್ಪಬಾರದು. ಹೊರಗೆ ಊಟ ನಿಂತ ಮೊದಲ ಎರಡು ವಾರ ಇಲಿಗಳು ಹಸಿವಿನಿಂದ ಎದೆಗಾರರಾಗುತ್ತವೆ, ಹಗಲಿನಲ್ಲಿಯೂ ಕಾಣಿಸಿಕೊಳ್ಳುತ್ತವೆ, ಅಡುಗೆಮನೆಗೆ ನುಗ್ಗಲು ನೋಡುತ್ತವೆ. ನಾನು ಹೇಳಿದ ಮನೆಯಲ್ಲಿ ನಾಲ್ಕನೆಯ ದಿನವೇ ಸಿಂಕಿನ ಕೆಳಗೆ ಕಡಿತದ ಗುರುತು ಕಂಡಿತು. ಇಲಿ ಹೆಚ್ಚಾಯಿತು ಎಂದು ಗಾಬರಿಯಾಗಿ ಅವರು ಎಲ್ಲವನ್ನೂ ಬಿಟ್ಟುಬಿಡುವುದರಲ್ಲಿದ್ದರು. ಹೆಚ್ಚಾಗಿರಲಿಲ್ಲ, ಕದ್ದು ತಿನ್ನುತ್ತಿದ್ದವು ಕಣ್ಣಿಗೆ ಬೀಳತೊಡಗಿದ್ದವು. ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು, ಇಲಿಗೆ ಹೆಬ್ಬೆರಳು ತೂರುವಷ್ಟು. ಸಿಂಕಿನ ಕೊಳವೆಯ ಸುತ್ತ, ಹಿಂಬಾಗಿಲಿನ ಕೆಳಗೆ, ಗ್ಯಾಸ್ ಪೈಪು ಗೋಡೆ ದಾಟುವ ಕಡೆ ನೋಡಿ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬಟ್ಟೆ, ಥರ್ಮೋಕೋಲ್, ಬರೀ ಫೋಮ್ ಇವನ್ನು ಅದು ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ.

ಇನ್ನು ನಾಯಿಯ ಊಟ. ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು ಸಾಕು. ಬೆಳಗ್ಗೆ ಏಳಕ್ಕೆ, ಸಂಜೆ ಐದೂವರೆಗೆ ಇಡಿ. ಇಪ್ಪತ್ತು ನಿಮಿಷ ಬಿಟ್ಟು, ತಿಂದಿರಲಿ ಬಿಡಲಿ, ಬಟ್ಟಲು ಎತ್ತಿಬಿಡಿ. ಇಡೀ ದಿನ ಮೂಸುತ್ತ ತಿನ್ನುವ ಅಭ್ಯಾಸವಿರುವ ನಾಯಿ ಮೊದಲ ಎರಡು ಮೂರು ದಿನ ಅರ್ಧ ಬಿಟ್ಟು ಹೋಗುತ್ತದೆ. ಮನಸ್ಸು ಕರಗಿ ಮತ್ತೆ ಇಟ್ಟರೆ ಅದು ಹೊಸ ಹೊತ್ತನ್ನು ಕಲಿಯುವುದೇ ಇಲ್ಲ. ಆರೋಗ್ಯವಾಗಿರುವ ನಾಯಿ ನಾಲ್ಕನೆಯ ದಿನದ ಹೊತ್ತಿಗೆ ಬಟ್ಟಲು ಇಟ್ಟ ಕೂಡಲೇ ಬಂದು ತಿನ್ನುತ್ತದೆ. ಪೂರ್ತಿ ಒಂದು ದಿನ ಏನೂ ಮುಟ್ಟದಿದ್ದರೆ ಅದು ಹಟವಲ್ಲ, ಕಾಯಿಲೆ ಇರಬಹುದು, ವೈದ್ಯರಿಗೆ ತೋರಿಸಿ. ರಾಗಿ ಮುದ್ದೆ, ಮೊಸರನ್ನ, ಮಾಂಸದ ಸಾರು ಹಾಕುವವರಾದರೆ ಬಟ್ಟಲಿನ ಜೊತೆಗೆ ಸುತ್ತಲಿನ ನೆಲವನ್ನೂ ಒರೆಸಬೇಕು. ನಾಯಿ ತಲೆ ಕೊಡವಿದಾಗ ಸಿಡಿದ ಅಗುಳು ಗೋಡೆಯ ಬುಡದಲ್ಲಿ ಅಂಟಿರುತ್ತದೆ; ಮಂಡಿಯೂರಿ ನೋಡಿದರೆ ಮಾತ್ರ ಕಾಣುತ್ತದೆ.

ಬೆಕ್ಕಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಡ. ಅದು ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನುವ ಪ್ರಾಣಿ, ಮತ್ತು ಉಪವಾಸ ಅದಕ್ಕೆ ಅಪಾಯ. ಅದರಲ್ಲೂ ದಪ್ಪಗಿರುವ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿಗೇ ಪೆಟ್ಟು ಬೀಳುತ್ತದೆ. ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಮೂರು ನಾಲ್ಕು ಹೊತ್ತಿನ ಊಟಕ್ಕೆ ತನ್ನಿ. ಕೊನೆಯದನ್ನು ರಾತ್ರಿ ಹತ್ತಕ್ಕೆ ಮನೆಯೊಳಗೆ, ನಿಮ್ಮ ಕಣ್ಣೆದುರಿಗೆ ಕೊಟ್ಟು ತಟ್ಟೆ ತೊಳೆದಿಡಿ. ಬೆಳಗಿನ ನಾಲ್ಕಕ್ಕೆ ಎಬ್ಬಿಸುವ ಕಾಟವೂ ಇದರಿಂದ ಕಡಿಮೆಯಾಗುತ್ತದೆ.

ಆಹಾರದ ಚೀಲವನ್ನು ಮೆಟ್ಟಿಲಿನ ಕೆಳಗೆ ಇಟ್ಟಿದ್ದೀರಾ ನೋಡಿ. ಬಹಳ ಮನೆಗಳಲ್ಲಿ ಬಟ್ಟಲಿಗಿಂತ ದೊಡ್ಡ ದಾಸೋಹ ಅಲ್ಲಿ ನಡೆಯುತ್ತಿರುತ್ತದೆ. ಪ್ಲಾಸ್ಟಿಕ್ ಡಬ್ಬವನ್ನು ಇಲಿ ಕಡಿಯುತ್ತದೆ. ಹಳೆಯ ಕಾಲದ ಅಕ್ಕಿಯ ಸ್ಟೀಲ್ ಡ್ರಮ್ಮು ಇದ್ದರೆ ಚೀಲವನ್ನು ಹಾಗೆಯೇ ಅದರೊಳಗೆ ಇಳಿಸಿ ಮುಚ್ಚಳ ಬಿಗಿಯಿರಿ. ಹಕ್ಕಿಗಳ ಕಾಳಿಗೂ ಅಂಥದೇ ಬೇಕು.

ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಒಣ ಕಾಳು ತಿನ್ನುವ ಇಲಿಗೆ ದಿನವೂ ನೀರು ಬೇಕೇ ಬೇಕು, ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ನಾಯಿಗೆ ರಾತ್ರಿ ನೀರು ಇರಲಿ, ಆದರೆ ಅದು ಮಲಗುವ ಕೋಣೆಯೊಳಗೆ ಇರಲಿ. ಹಕ್ಕಿಗಳ ನೀರಿನ ಬೋಗುಣಿಯನ್ನು ಸಂಜೆ ಬೋರಲು ಹಾಕಿ. ಡೆಂಗಿ ಸೊಳ್ಳೆಯ ಮರಿಗಳೂ ತಪ್ಪುತ್ತವೆ. ಹೊರಗೆ ಬಿಟ್ಟ ನೀರಿನ ಬಟ್ಟಲಿನ ಬಗ್ಗೆ ನನಗೆ ಇನ್ನೊಂದು ಭಯವಿದೆ. ಇಲಿಯ ಮೂತ್ರದಲ್ಲಿ ಇಲಿಜ್ವರದ ರೋಗಾಣು ಇರಬಹುದು, ಅದು ನೀರಿನಲ್ಲಿ ಮತ್ತು ತೇವದ ನೆಲದಲ್ಲಿ ಬದುಕಿರುತ್ತದೆ. ಅದೇ ಬಟ್ಟಲಿನಿಂದ ನಾಯಿ ಕುಡಿದರೆ ಅದಕ್ಕೆ ಬರುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು. ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಇಲಿಜ್ವರದ್ದೂ ಸೇರಿದೆಯೇ ಎಂದು ಲಸಿಕೆ ಪುಸ್ತಕ ತೆಗೆದು ನೋಡಿ. ಹಿಕ್ಕೆ ಬಿದ್ದ ಜಾಗವನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಒಣಗುವ ತನಕ ನಾಯಿ, ಬೆಕ್ಕನ್ನು ಆ ಕಡೆ ಬಿಡಬೇಡಿ.

ಅತ್ತೆಯವರ ಕಾಳಿಗೆ ಬರುತ್ತೇನೆ. ಗುಬ್ಬಿಯೊಂದು ಇಡೀ ದಿನಕ್ಕೆ ತಿನ್ನುವ ಕಾಳು ಒಂದೆರಡು ಸಣ್ಣ ಚಮಚದಷ್ಟು. ಇಪ್ಪತ್ತು ಗುಬ್ಬಿ ಬರುತ್ತವೆ ಎಂದುಕೊಂಡರೂ, ಅವು ಬೇರೆ ಕಡೆಯೂ ತಿನ್ನುವುದರಿಂದ, ಒಂದು ಹೊತ್ತಿಗೆ ಒಂದು ಹಿಡಿ ಕಾಳು ಬೇಕಾದಷ್ಟಾಯಿತು. ಬೆಳಗ್ಗೆ ಆರೂವರೆಗೆ ಒಂದು ಹಿಡಿ ಹಾಕಿ ಗಡಿಯಾರ ನೋಡಲಿ. ಅರ್ಧ ಗಂಟೆಯೊಳಗೆ ಮುಗಿದರೆ ಇನ್ನರ್ಧ ಹಿಡಿ ಸೇರಿಸಬಹುದು. ಒಂದು ಗಂಟೆ ಕಳೆದರೂ ಉಳಿದಿದ್ದರೆ ಮರುದಿನ ಕಡಿಮೆ ಮಾಡಲಿ. ಹೀಗೆ ಒಂದು ವಾರದಲ್ಲಿ ನಿಮ್ಮ ತಾರಸಿಯ ಅಳತೆ ತಾನಾಗಿಯೇ ಸಿಗುತ್ತದೆ. ಎರಡನೆಯ ಸಲ ಹಾಕುವ ಆಸೆಯಿದ್ದರೆ ಮಧ್ಯಾಹ್ನ ಮೂರರ ಒಳಗೆ ಹಾಕಲಿ, ಅದಕ್ಕಿಂತ ತಡ ಬೇಡ. ಅಳತೆ ಮೀರಿ ಹಾಕಿದಾಗ ಪಾರಿವಾಳಗಳು ಬಂದು ಗುಬ್ಬಿಗಳನ್ನು ಓಡಿಸುವುದನ್ನು ಅವರೂ ನೋಡಿರಬೇಕು.

ನೆಲಕ್ಕೆ ಚೆಲ್ಲುವ ಬದಲು ಅಂಚಿರುವ ಅಗಲವಾದ ತಟ್ಟೆಯೊಂದನ್ನು ಸ್ಟೂಲಿನ ಮೇಲೆ ಇಡಿ. ಹಲವು ಬಗೆಯ ಕಾಳು ಬೆರೆಸಿದ ಪೊಟ್ಟಣ ತರಬೇಡಿ. ಹಕ್ಕಿ ತನಗೆ ಬೇಕಾದ ಕಾಳಿಗಾಗಿ ಉಳಿದದ್ದನ್ನು ಕೊಕ್ಕಿನಿಂದ ಕೆದರಿ ಹೊರಗೆಸೆಯುತ್ತದೆ. ಹಾಗೆ ಎಸೆದದ್ದು ಇಲಿಯ ಪಾಲು. ನಿಮ್ಮಲ್ಲಿ ಬರುವ ಹಕ್ಕಿಗಳು ಪೂರ್ತಿ ತಿನ್ನುವ ಒಂದೇ ಕಾಳು, ಸಜ್ಜೆಯೋ ನವಣೆಯೋ, ಸಾಕು. ತಟ್ಟೆ ಎತ್ತಿದ ಮೇಲೆ ಸುತ್ತ ಗುಡಿಸಿದ ಹೊಟ್ಟನ್ನು ತಾರಸಿಯ ಮೂಲೆಯಲ್ಲಿ ಕೂಡಿಡದೆ ಕಸದ ಚೀಲಕ್ಕೆ ಹಾಕಿ. ಹೊಟ್ಟು ಎಂದುಕೊಂಡದ್ದರಲ್ಲಿ ಇಡೀ ಕಾಳು ಎಷ್ಟಿರುತ್ತದೆ ಎಂದು ಒಮ್ಮೆ ಅಂಗೈಯಲ್ಲಿ ಊದಿ ನೋಡಿ. ಹೊತ್ತು ಬದಲಾಯಿಸಿದ ಮೊದಲ ದಿನಗಳಲ್ಲಿ ಹಕ್ಕಿಗಳು ಹಳೆಯ ಹೊತ್ತಿಗೇ ಬಂದು ಕೂಗಬಹುದು. ಅತ್ತೆಯವರಿಗೆ ಬೇಸರವಾದೀತು. ಆದರೆ ಒಂದು ವಾರದಲ್ಲಿ ಅವು ಬೆಳಗ್ಗೆ ಆರೂಕಾಲಿಗೇ ಪ್ಯಾರಾಪೆಟ್ ಮೇಲೆ ಸಾಲಾಗಿ ಕಾದಿರುತ್ತವೆ.

ಸೀಬೆ ಮರದ ಕೆಲಸ ಸ್ವಲ್ಪ ಹೆಚ್ಚು. ಸಂಜೆ ದೀಪ ಹಚ್ಚುವ ಮುಂಚೆ ಬುಡದಲ್ಲಿ ಬಿದ್ದದ್ದನ್ನೆಲ್ಲ ಆಯಬೇಕು. ರಾತ್ರಿ ಬಾವಲಿಗಳು ಅರ್ಧ ಕಚ್ಚಿ ಬೀಳಿಸುವುದೂ ಇದೆ, ಅದನ್ನು ಬೆಳಗ್ಗೆಯೇ ತೆಗೆಯಿರಿ. ಕಚ್ಚಿದ ಹಣ್ಣನ್ನು ಯಾರೂ ತಿನ್ನಬೇಡಿ, ನಾಯಿಗೂ ಕೊಡಬೇಡಿ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಹಣ್ಣಾಗಲು ಬಿಡದೆ ಕೀಳುವುದು. ಕಡು ಹಸಿರು ತಿಳಿಯಾಗಿ ಹಳದಿ ಛಾಯೆ ಬಂದ ದೋರೆಗಾಯಿಯನ್ನು ಕಿತ್ತು ಒಳಗಿಟ್ಟರೆ ಎರಡು ಮೂರು ದಿನದಲ್ಲಿ ಘಮಘಮ ಹಣ್ಣಾಗುತ್ತದೆ. ಹಾಗೆ ಮಾಡಿದರೆ ಉದುರುವುದೂ ಬಾವಲಿ ಬರುವುದೂ ಬಹಳ ಕಡಿಮೆಯಾಗುತ್ತದೆ. ತಾರಸಿಗೆ ಚಾಚಿದ ಕೊಂಬೆಗಳನ್ನು ಗೋಡೆಯಿಂದ ನಾಲ್ಕೈದು ಅಡಿ ದೂರ ನಿಲ್ಲುವಂತೆ ಸವರಿಸಿ. ಅಷ್ಟು ಅಂತರವಿದ್ದರೆ ಇಲಿಗೆ ಹಾರಿ ದಾಟುವುದು ಕಷ್ಟ. ತೆಂಗಿನ ಮರಕ್ಕೆ ಕಟ್ಟುವಂತೆ ತಗಡಿನ ಪಟ್ಟಿ ಕಟ್ಟಬಹುದೇ ಎಂದು ಕೆಲವರು ಕೇಳುತ್ತಾರೆ. ಕಂಬದಂತೆ ಒಂಟಿಯಾಗಿ ನಿಂತ ತೆಂಗಿಗೆ ಅದು ಸರಿ. ತಗ್ಗಿನಲ್ಲಿಯೇ ಕವಲೊಡೆದು ಗೋಡೆಗೆ ಒರಗುವ ಸೀಬೆಗೆ ಅದರಿಂದ ಪ್ರಯೋಜನವಿಲ್ಲ.

ಆಯ್ದ ಹಣ್ಣನ್ನು ಹಿತ್ತಲ ಮೂಲೆಗೆ ಎಸೆದರೆ ಇಲಿಯ ಊಟದ ಜಾಗ ಬದಲಾಯಿತು ಅಷ್ಟೇ. ತೆರೆದ ಗೊಬ್ಬರದ ಗುಂಡಿಯೂ ಹಾಗೆಯೇ. ಗಟ್ಟಿಯಾದ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಿಸಿಲು ಬೀಳುವ ಕಡೆ ಎತ್ತರದಲ್ಲಿ ನೇತುಹಾಕಿ. ಒಂದು ವಾರ ಬಿಸಿಲಿಗೆ ಬೆಂದ ಮೇಲೆ ಮುಚ್ಚಳವಿರುವ ಗೊಬ್ಬರದ ಡ್ರಮ್ಮಿಗೆ ಹಾಕಬಹುದು. ಇದರಿಂದ ಇನ್ನೊಂದು ಲಾಭವಿದೆ. ಬಿದ್ದ ಸೀಬೆಯಲ್ಲಿ ಕಾಣುವ ಬಿಳಿ ಹುಳುಗಳು ಹಣ್ಣುನೊಣದ ಮರಿಗಳು. ಅವು ಹಣ್ಣಿನಿಂದ ಮಣ್ಣಿಗಿಳಿದು ಕೋಶ ಕಟ್ಟಿ ನೊಣವಾಗಿ ಮತ್ತೆ ಅದೇ ಮರದ ಕಾಯಿಯನ್ನು ಚುಚ್ಚುತ್ತವೆ. ಚೀಲದ ಬಿಸಿಗೆ ಅವು ಸಾಯುವುದರಿಂದ ಮುಂದಿನ ಕಾಯಿಗಳೂ ಅಷ್ಟು ಚೊಕ್ಕವಾಗುತ್ತವೆ.

ಹೊರಗಿನ ಊಟ ನಿಂತ ಮೂರನೆಯ ದಿನದಿಂದ ಬೋನು ಇಡಿ. ಹಸಿದ ಇಲಿಗೆ ಮಾತ್ರ ಬೋನಿನ ಮೇಲೆ ಆಸೆ ಹುಟ್ಟುತ್ತದೆ. ಮೊದಲ ಮೂರು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ಅದು ತಿಂದು ಗೊತ್ತಿರುವುದನ್ನೇ, ಅಂದರೆ ನಾಯಿಯ ಆಹಾರದ ನಾಲ್ಕು ಕಾಳೋ ಸೀಬೆಯ ಹೋಳೋ, ಇಡಿ. ನಾಲ್ಕನೆಯ ರಾತ್ರಿ ಬಾಗಿಲಿನ ಕಟ್ಟು ಬಿಚ್ಚಿ. ಗೋಡೆಗೆ ತಾಗಿಸಿಯೇ ಇಡಬೇಕು, ಏಕೆಂದರೆ ಇಲಿ ಬಯಲಿನಲ್ಲಿ ಓಡದೆ ಗೋಡೆಯ ಅಂಚು ಹಿಡಿದೇ ಓಡುತ್ತದೆ. ಅಂಟಿನ ಹಲಗೆ ಬೇಡ. ಅದರಲ್ಲಿ ಇಲಿ ಗಂಟೆಗಟ್ಟಲೆ ನರಳುತ್ತದೆ, ಹಲ್ಲಿ, ಅಳಿಲು, ಗುಬ್ಬಿ ಕೂಡ ಸಿಕ್ಕಿಬೀಳುತ್ತವೆ. ಆ ದಂಪತಿಯ ಮನೆಯಲ್ಲಿ ಎರಡು ವಾರದಲ್ಲಿ ಐದು ಇಲಿ ಬೋನಿಗೆ ಬಿದ್ದವು. ಉಳಿದವು ಊಟವಿಲ್ಲದೆ ಜಾಗ ಬಿಟ್ಟವು. ಮೂರನೆಯ ವಾರದ ಕೊನೆಗೆ ರಂಗೋಲಿ ಪುಡಿ ನಾಲ್ಕೂ ಕಡೆ ಕಲಕದೆ ಉಳಿದಿತ್ತು. ಮಧ್ಯೆ ಒಂದು ರಾತ್ರಿ ವರಾಂಡದಲ್ಲಿ ಮತ್ತೆ ಹೆಜ್ಜೆ ಕಂಡಾಗ ವಿಚಾರಿಸಿದರೆ, ಹಿಂದಿನ ದಿನ ನೆಂಟರ ಮಗು ನಾಯಿಗೆಂದು ಬಿಸ್ಕತ್ತು ಚೆಲ್ಲಿತ್ತು. ಇಲಿಗಳು ಅಷ್ಟು ಬೇಗ ಸುದ್ದಿ ಹಿಡಿಯುತ್ತವೆ.

ಇರುವೆಯ ಕಥೆ ಬೇರೆ. ಅದಕ್ಕೆ ಹಗಲೂ ಒಂದೇ, ರಾತ್ರಿಯೂ ಒಂದೇ. ಆದರೆ ಅದಕ್ಕೂ ಹೊತ್ತು ಬೇಕು. ಮೊದಲು ಒಂದೆರಡು ಇರುವೆ ಅಲೆಯುತ್ತ ಬಂದು ಬಟ್ಟಲನ್ನು ಕಂಡುಹಿಡಿಯುತ್ತವೆ. ಮರಳುವಾಗ ನೆಲಕ್ಕೆ ವಾಸನೆಯ ಗೆರೆ ಎಳೆಯುತ್ತ ಹೋಗುತ್ತವೆ. ಆ ಗೆರೆ ಹಿಡಿದು ಬಂದವೆಲ್ಲ ಅದನ್ನು ಇನ್ನಷ್ಟು ಗಾಢ ಮಾಡುತ್ತವೆ. ಬಟ್ಟಲು ಇಡೀ ದಿನ ಇದ್ದರೆ ಸಾಲು ಕಟ್ಟದೆ ಇನ್ನೇನು? ಇಪ್ಪತ್ತು ನಿಮಿಷಕ್ಕೆ ಎತ್ತಿಟ್ಟು, ಬಟ್ಟಲನ್ನು ಸೋಪಿನಿಂದ ತೊಳೆದು, ಆ ನೆಲವನ್ನು ಸೋಪು ನೀರಿನಿಂದ ಎರಡಡಿ ಸುತ್ತ ಒರೆಸಿದರೆ ನಿಮ್ಮ ತೊಂದರೆಯ ಬಹುಪಾಲು ಅಲ್ಲಿಗೇ ತೀರುತ್ತದೆ. ಬರೀ ನೀರಿನಿಂದ ಒರೆಸಿದರೆ ವಾಸನೆ ಉಳಿದುಕೊಂಡು ಮರುದಿನ ಅದೇ ದಾರಿಯಲ್ಲಿ ಬರುತ್ತವೆ.

ನಿಧಾನವಾಗಿ ತಿನ್ನುವ ಬೆಕ್ಕಿನ ತಟ್ಟೆಗೆ ನೀರಿನ ಕಂದಕ ಬೇಕು. ಹಿಂದೆ ತಿಂಡಿಯ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರಲ್ಲ, ಅದೇ ಉಪಾಯ. ಅಗಲವಾದ ತಟ್ಟೆಯಲ್ಲಿ ಒಂದು ಬೆರಳಿನ ಆಳ ನೀರು ಹಾಕಿ, ನಡುವೆ ಸಣ್ಣ ಬಟ್ಟಲೊಂದನ್ನು ಕವುಚಿ, ಅದರ ಮೇಲೆ ಊಟದ ತಟ್ಟೆ ಇಡಿ. ಇದು ವಿಫಲವಾಗುವುದು ಎರಡು ಕಾರಣಕ್ಕೆ. ಊಟದ ತಟ್ಟೆಯ ಅಂಚು ಗೋಡೆಗೋ ಹೊರತಟ್ಟೆಗೋ ತಾಗಿದ್ದರೆ ಅದೇ ಸೇತುವೆ. ಇಲ್ಲವೇ ನೀರಿನ ಮೇಲೆ ಧೂಳು, ಕೂದಲು, ಜಿಡ್ಡು ಕೆನೆಗಟ್ಟಿ, ಹಗುರವಾದ ಸಣ್ಣ ಇರುವೆಗಳು ಅದರ ಮೇಲೆ ನಡೆದುಕೊಂಡೇ ದಾಟುತ್ತವೆ. ಹತ್ತಿರ ಕೂತು ನೋಡಿದರೆ ಮುಂದಿನ ಕಾಲಿನಿಂದ ತಡವಿ ತಡವಿ ಒಂದೊಂದೇ ಹೆಜ್ಜೆ ಇಡುವುದು ಕಾಣುತ್ತದೆ. ದಿನಕ್ಕೆ ಎರಡು ಸಲ ನೀರು ಬದಲಾಯಿಸಿ.

ಇರುವೆ ಚಾಕ್ ಗೆರೆಯನ್ನು ಬಟ್ಟಲಿನ ಸುತ್ತ ಎಳೆಯಲೇಬೇಡಿ. ಅದರಲ್ಲಿರುವ ಕೀಟನಾಶಕವನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಪಾದಕ್ಕೆ ಅಂಟಿದ್ದನ್ನು ನೆಕ್ಕಿ ನಡುಕ ಬಂದು ಚಿಕಿತ್ಸೆಗೆ ತರುವ ಬೆಕ್ಕುಗಳಿವೆ. ಫಿನೈಲ್ ಕೂಡ ಬೆಕ್ಕಿಗೆ ಆಗದು. ಮನೆಯೊಳಗೇ ಗೂಡಿದ್ದು ಸಾಲು ನಿಲ್ಲದಿದ್ದರೆ 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಪುಡಿ ಕರಗಿಸಿ, ಹತ್ತಿಯಲ್ಲಿ ಅದ್ದಿ, ಸಣ್ಣ ತೂತುಗಳಿರುವ ಮುಚ್ಚಿದ ಡಬ್ಬಿಯಲ್ಲಿ ಸಾಲಿನ ಪಕ್ಕ, ಪ್ರಾಣಿಗಳಿಗೆ ಎಟುಕದ ಕಡೆ ಇಡಿ. ಪುಡಿ ಹೆಚ್ಚು ಹಾಕಿದರೆ ಕೆಲಸಗಾರ ಇರುವೆ ದಾರಿಯಲ್ಲಿಯೇ ಸಾಯುತ್ತದೆ, ಗೂಡಿಗೆ ತಲುಪುವುದಿಲ್ಲ. ಮೊದಲೆರಡು ದಿನ ಇರುವೆ ಇನ್ನೂ ಹೆಚ್ಚು ಮುತ್ತುತ್ತವೆ, ಒರೆಸದೆ ಬಿಡಿ. ಕೆಲವೊಮ್ಮೆ ಅವು ಸಕ್ಕರೆಯನ್ನು ಮೂಸಿಯೂ ನೋಡುವುದಿಲ್ಲ. ಗೂಡಿನಲ್ಲಿ ಮರಿಗಳು ಹೆಚ್ಚಿದ್ದು ಮಾಂಸ, ಕೊಬ್ಬು ಬೇಕಾಗಿರುತ್ತದೆ. ಒಂದು ವಾರ ಬಿಟ್ಟು ಮತ್ತೆ ಇಟ್ಟು ನೋಡಿ. ಸೀಬೆ ಮರದ ಮೇಲೆ ಹತ್ತಿಳಿಯುವ ಇರುವೆಗಳನ್ನು ಇದರ ಜೊತೆ ಸೇರಿಸಬೇಡಿ. ಅವು ಹೆಚ್ಚಾಗಿ ಹೋಗುವುದು ಎಲೆಯ ಕೆಳಗಿನ ಬಿಳಿ ಹಿಟ್ಟುತಿಗಣೆ ಸುರಿಸುವ ಸಿಹಿಗಾಗಿ. ಆ ತಿಗಣೆಯ ಮೇಲೆ ಜೋರಾಗಿ ನೀರು ಹಾಯಿಸಿ ತೊಳೆದರೆ ಇರುವೆ ತಾವಾಗಿಯೇ ಕಡಿಮೆಯಾಗುತ್ತವೆ.

ಒಗೆಯುವ ಕಲ್ಲಿನ ಪಕ್ಕದ ಬಿಲವನ್ನು ಈಗಲೇ ಸಿಮೆಂಟ್ ಹಾಕಿ ಮುಚ್ಚಬೇಡಿ. ಒಳಗೆ ಹೆಗ್ಗಣವಿದ್ದರೆ ಪಕ್ಕದಲ್ಲಿ ಇನ್ನೊಂದು ಬಾಯಿ ತೋಡುತ್ತದೆ, ಕಲ್ಲಿನ ಅಡಿಪಾಯವೇ ಕುಸಿಯಬಹುದು. ನಾಯಿಯ ಊಟ, ಕಾಳು, ಹಣ್ಣು ಮೂರೂ ಹಿಡಿತಕ್ಕೆ ಬಂದು ಮೂರು ವಾರವಾದ ಮೇಲೆ ಒಂದು ಸಂಜೆ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಬಾಯಿಗೆ ಸಡಿಲವಾಗಿ ತುರುಕಿ. ಬೆಳಗ್ಗೆ ಕಾಗದ ಹೊರಗೆ ಬಿದ್ದಿದ್ದರೆ ಇನ್ನೂ ಬಳಕೆಯಲ್ಲಿದೆ, ಬೋನನ್ನು ಆ ಬಾಯಿಯ ಎದುರಿಗೇ ಇಡಿ. ಸತತ ನಾಲ್ಕು ಬೆಳಗ್ಗೆ ಕಾಗದ ಇದ್ದ ಹಾಗೆಯೇ ಇದ್ದರೆ ಬಿಲ ಖಾಲಿಯಾಗಿದೆ ಎಂದು ತಿಳಿದು, ಒಡೆದ ಗಾಜು ಹಾಕದೆ (ನಾಯಿ ಕೆದಕೀತು), ಜಲ್ಲಿಕಲ್ಲು ತುಂಬಿ ಗಟ್ಟಿಯಾಗಿ ಗುದ್ದಿ ಮೇಲೆ ಸಿಮೆಂಟ್ ಎಳೆಸಿ.